ಇಳಿಜಾರಿನ ಓಟ ಮತ್ತು ಮಂಡಿಯ ಹೊರಬದಿಯ ನೋವು: ಐಟಿ ಬ್ಯಾಂಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತುವಾಗ ಏನೂ ಆಗುವುದಿಲ್ಲ, ಇಳಿಯುವಾಗ ಮಾತ್ರ ಮಂಡಿಯ ಹೊರಬದಿ ಚುಚ್ಚುತ್ತದೆ. ಏಕೆ?

ಐಟಿ ಬ್ಯಾಂಡ್ ಅಂದರೆ ಇಲಿಯೋಟಿಬಿಯಲ್ ಬ್ಯಾಂಡ್. ಸೊಂಟದ ಮೂಳೆಯ ಮೇಲಂಚಿನಿಂದ ಹೊರಟು, ತೊಡೆಯ ಹೊರಬದಿಯಲ್ಲೇ ಇಳಿದು, ಮಂಡಿ ದಾಟಿ ಕೆಳಗಾಲಿನ ಮೂಳೆಗೆ ಅಂಟಿಕೊಳ್ಳುವ ದಪ್ಪನೆಯ ಪಟ್ಟಿ ಇದು. ಮಂಡಿಯ ಸ್ವಲ್ಪ ಮೇಲೆ ತೊಡೆಮೂಳೆಯ ಹೊರಬದಿಯಲ್ಲಿ ಒಂದು ಉಬ್ಬು ಇದೆ. ಪಟ್ಟಿ ಆ ಉಬ್ಬಿನ ಮೇಲೆ ಹಾದುಹೋಗುತ್ತದೆ. ಪಟ್ಟಿಗೂ ಮೂಳೆಗೂ ನಡುವೆ ನರಗಳು ತುಂಬಿದ ತೆಳು ಕೊಬ್ಬಿನ ಪದರವಿದೆ.

ಮಂಡಿ ಸುಮಾರು 30 ಡಿಗ್ರಿ ಮಡಚಿದಾಗ ಪಟ್ಟಿ ಆ ಉಬ್ಬನ್ನು ಅತಿ ಬಿಗಿಯಾಗಿ ಒತ್ತುತ್ತದೆ. ಹತ್ತುವಾಗ ಕಾಲು ನೆಲ ಮುಟ್ಟುವ ಹೊತ್ತಿಗೇ ಮಂಡಿ ಅದಕ್ಕಿಂತ ಹೆಚ್ಚು ಮಡಚಿರುತ್ತದೆ, ಬೀಳುವ ಹೊಡೆತವೂ ಕಡಿಮೆ. ಇಳಿಯುವಾಗ ಇದು ತಿರುವುಮುರುವು. ಕಾಲನ್ನು ಮುಂದಕ್ಕೆ ಚಾಚಿ, ಮಂಡಿಯನ್ನು ಬಹುಮಟ್ಟಿಗೆ ನೆಟ್ಟಗೆ ಇಟ್ಟು ನೆಲ ಮುಟ್ಟಿಸುತ್ತೇವೆ. ಆಮೇಲೆ ಮೈಭಾರವನ್ನು ತಡೆಯುತ್ತಾ ಮಂಡಿ ನಿಧಾನವಾಗಿ ಮಡಚಿಕೊಳ್ಳುತ್ತದೆ. ಹೀಗೆ ಪ್ರತಿ ಹೆಜ್ಜೆಯಲ್ಲೂ, ಪೂರ್ತಿ ಭಾರ ಹೊತ್ತುಕೊಂಡೇ, ಆ 30 ಡಿಗ್ರಿಯ ಜಾಗವನ್ನು ಹಾಯಬೇಕಾಗುತ್ತದೆ. ಒಂದು ಕಿಲೋಮೀಟರ್ ಇಳಿದರೆ ಒಂದೊಂದು ಕಾಲೂ ಐನೂರು ಸಲ ಈ ಕೆಲಸ ಮಾಡುತ್ತದೆ.

ಪಟ್ಟಿ ಮೂಳೆಯ ಮೇಲೆ ಹಿಂದೆ ಮುಂದೆ ಉಜ್ಜುವುದರಿಂದ ನೋವು ಬರುತ್ತದೆ ಎಂದು ಬಹಳ ಕಾಲ ನಂಬಲಾಗಿತ್ತು. 2006ರಲ್ಲಿ ಪ್ರಕಟವಾದ ಅಂಗರಚನೆಯ ಅಧ್ಯಯನವೊಂದು, ಪಟ್ಟಿಯನ್ನು ನಾರಿನ ಎಳೆಗಳು ತೊಡೆಮೂಳೆಗೆ ಬಿಗಿದಿರುತ್ತವೆ, ಅದು ಸುಲಭವಾಗಿ ಜಾರಲಾರದು ಎಂದು ತೋರಿಸಿತು. ಹಾಗಾಗಿ ಈಗ ಒತ್ತಡದ ವಿವರಣೆಗೆ ಹೆಚ್ಚು ತೂಕ: ಪಟ್ಟಿಯ ಅಡಿ ಸಿಕ್ಕಿಕೊಂಡ ಆ ಕೊಬ್ಬಿನ ಪದರ ಮತ್ತೆ ಮತ್ತೆ ಹಿಸುಕಿಸಿಕೊಂಡು ಕೆರಳುತ್ತದೆ. ಮುಂದಿನ ಉತ್ತರಗಳೆಲ್ಲ ಇದರ ಮೇಲೆಯೇ ನಿಂತಿವೆ. ಪಟ್ಟಿಯ ಉದ್ದವನ್ನು ನಾವು ಬದಲಿಸಲಾರೆವು. ಅದು ಒತ್ತುವ ಬಲವನ್ನೂ ಎಷ್ಟು ಹೊತ್ತು ಒತ್ತುತ್ತದೆ ಎಂಬುದನ್ನೂ ಕಡಿಮೆ ಮಾಡಬಹುದು.

ನನ್ನದು ಐಟಿ ಬ್ಯಾಂಡ್ ನೋವೇ ಎಂದು ಹೇಗೆ ತಿಳಿಯುವುದು?

ಬೆರಳಿನಿಂದ ಜಾಗ ಹುಡುಕಿ. ಮಂಡಿಯ ಹೊರಬದಿಯಲ್ಲಿ, ಕೀಲಿನ ಸಂದಿಗಿಂತ ಎರಡು ಮೂರು ಸೆಂಟಿಮೀಟರ್ ಮೇಲೆ, ಒಂದೇ ಬೆರಳಲ್ಲಿ ತೋರಿಸಬಹುದಾದ ಜಾಗ ನೋಯುತ್ತಿದ್ದರೆ ಅನುಮಾನ ಈ ಕಡೆಗೇ. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಅಂಗಾತ ಮಲಗಿ ಮಂಡಿಯನ್ನು 90 ಡಿಗ್ರಿ ಮಡಚಿ. ಇನ್ನೊಬ್ಬರು ಹೆಬ್ಬೆರಳಿನಿಂದ ಆ ಉಬ್ಬಿನ ಮೇಲೆ ಒತ್ತಿ ಹಿಡಿದಿರಲಿ, ನೀವು ನಿಧಾನವಾಗಿ ಕಾಲು ಚಾಚುತ್ತಾ ಬನ್ನಿ. ಕಾಲು ಪೂರ್ತಿ ನೆಟ್ಟಗಾಗುವ ಮೊದಲು, ಸುಮಾರು 30 ಡಿಗ್ರಿಯ ಹತ್ತಿರ, ಓಟದಲ್ಲಿ ಬರುವ ಅದೇ ನೋವು ಬಂದರೆ ಅದು ಗಟ್ಟಿ ಸುಳಿವು.

ನೋವಿನ ನಡತೆಯೂ ಬಹಳ ಹೇಳುತ್ತದೆ. ಮೊದಲ ಕೆಲವು ಕಿಲೋಮೀಟರ್ ಏನೂ ಇರುವುದಿಲ್ಲ. ಆಮೇಲೆ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ದೂರದಲ್ಲಿ ಬಿಸಿಯಾದಂತೆ ಶುರುವಾಗಿ, ಹತ್ತು ನಿಮಿಷದಲ್ಲಿ ಚಾಕು ಹಾಕಿದಂತಾಗುತ್ತದೆ. ನಿಂತರೆ, ಅಥವಾ ಮಂಡಿ ಮಡಚದೆ ಕೋಲಿನಂತೆ ನಡೆದರೆ ಇಳಿಯುತ್ತದೆ. ಮರುದಿನ ಸಮತಟ್ಟಿನಲ್ಲಿ ನಡೆಯುವಾಗ ಆರಾಮ, ಮೆಟ್ಟಿಲು ಇಳಿಯುವಾಗ ಮತ್ತೆ ಹಾಜರು.

ಮಂಡಿ ಊದಿದ್ದರೆ, ಮಧ್ಯದಲ್ಲಿ ಸಿಕ್ಕಿಕೊಂಡು ನಿಲ್ಲುತ್ತಿದ್ದರೆ, ಕುಸಿದಂತಾಗುತ್ತಿದ್ದರೆ, ಅಥವಾ ನೋವು ಸರಿಯಾಗಿ ಕೀಲಿನ ಸಂದಿಯ ಮೇಲೆಯೇ ಇದ್ದರೆ ಇದು ಬೇರೆ ವಿಷಯ. ಕೀಲಿನೊಳಗೆ ಮೆತ್ತೆಯಂತಿರುವ ಮೆನಿಸ್ಕಸ್ ಹರಿದಿರಬಹುದು. ಮಂಡಿಯ ಹಿಂದೆ, ಹೊರಮೂಲೆಯಲ್ಲಿ ಇಳಿಯುವಾಗ ನೋಯುವುದು ಪಾಪ್ಲಿಟಿಯಸ್ ಎಂಬ ಸಣ್ಣ ಸ್ನಾಯುವಿನದ್ದೂ ಆಗಬಹುದು. ಇದನ್ನು ಐಟಿ ಬ್ಯಾಂಡ್ ಎಂದು ತಪ್ಪು ತಿಳಿಯುವವರು ಕಡಿಮೆಯೇನಲ್ಲ. ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಒಂಟಿಕಾಲಲ್ಲಿ ಜಿಗಿದರೆ ಮೂಳೆಯೊಳಗೇ ನೋವೆನಿಸಿದರೆ, ಓಟ ನಿಲ್ಲಿಸಿ ಮೊದಲು ವೈದ್ಯರಿಗೆ ತೋರಿಸಿ.

ದಿನಾ ಬ್ಯಾಂಡನ್ನು ಸ್ಟ್ರೆಚ್ ಮಾಡುತ್ತೇನೆ, ಫೋಮ್ ರೋಲರ್ ಉರುಳಿಸುತ್ತೇನೆ. ಆದರೂ ಹೋಗಿಲ್ಲವಲ್ಲ?

ಹೋಗುವುದೂ ಕಷ್ಟ. ಈ ಪಟ್ಟಿ ರಬ್ಬರಿನದ್ದಲ್ಲ, ಹಗ್ಗದ ಜಾತಿ. ಕೈಯಿಂದಲೋ ರೋಲರ್‌ನಿಂದಲೋ ಕೊಡಬಹುದಾದ ಬಲಕ್ಕೆ ಅದು ಅಳತೆಗೆ ಸಿಗುವಷ್ಟು ಉದ್ದವಾಗುವುದಿಲ್ಲ. ಸ್ಟ್ರೆಚ್ ಮಾಡಿದಾಗ ಸಿಗುವ ಹಾಯಿ ಪಟ್ಟಿಯ ಮೇಲ್ತುದಿಗೆ ಅಂಟಿಕೊಂಡ ಸ್ನಾಯುಗಳದ್ದು. ಸೊಂಟದ ಮುಂಮೂಲೆಯಲ್ಲಿರುವ ಟೆನ್ಸರ್ ಫ್ಯಾಸಿಯಾ ಲಾಟಾ ಮತ್ತು ಕುಂಡಿಯ ದೊಡ್ಡ ಸ್ನಾಯು ಇವೆರಡೂ ಪಟ್ಟಿಯನ್ನು ಮೇಲಿನಿಂದ ಎಳೆದು ಹಿಡಿಯುತ್ತವೆ.

ಹಾಗಾಗಿ ರೋಲರ್ ಬಳಸುವ ಆಸೆಯಿದ್ದರೆ ಆ ಎರಡು ಜಾಗಕ್ಕೆ ಮತ್ತು ತೊಡೆಯ ಮುಂಭಾಗಕ್ಕೆ ಬಳಸಿ, ಒಂದೊಂದಕ್ಕೆ ಒಂದು ನಿಮಿಷ ಸಾಕು. ನೋಯುವ ಉಬ್ಬಿನ ಮೇಲೆ ಮಾತ್ರ ಬೇಡ. ಹಿಸುಕಿ ಕೆರಳಿದ ಜಾಗವನ್ನು ಮೈಭಾರ ಹಾಕಿ ಇನ್ನಷ್ಟು ಹಿಸುಕುವುದಕ್ಕೆ ಅರ್ಥವಿಲ್ಲ. ಕಣ್ಣಲ್ಲಿ ನೀರು ಬಂದರೆ ರೋಲರ್ ಕೆಲಸ ಮಾಡಿದ ಲೆಕ್ಕ ಎಂಬ ನಂಬಿಕೆ ಓಟಗಾರರಲ್ಲಿ ಹೇಗೋ ಬೇರೂರಿಬಿಟ್ಟಿದೆ.

ನೋವು ಮಂಡಿಯಲ್ಲಿ. ಸೊಂಟಕ್ಕೆ ಏಕೆ ವ್ಯಾಯಾಮ?

ಓಡುವಾಗ ಯಾವ ಕ್ಷಣದಲ್ಲೂ ಎರಡು ಕಾಲು ಒಟ್ಟಿಗೆ ನೆಲದ ಮೇಲಿರುವುದಿಲ್ಲ. ಬಲಗಾಲು ನೆಲದಲ್ಲಿದ್ದಾಗ ಎಡಗಡೆಯ ಸೊಂಟ ಕೆಳಕ್ಕೆ ಜೋತುಬೀಳದಂತೆ ಹಿಡಿಯುವುದು ಬಲ ಸೊಂಟದ ಪಕ್ಕದಲ್ಲಿರುವ ಗ್ಲೂಟಿಯಸ್ ಮೀಡಿಯಸ್ ಎಂಬ ಸ್ನಾಯು. ಅದು ಸೋತರೆ ಎಡ ಸೊಂಟ ಕುಸಿಯುತ್ತದೆ, ಬಲ ತೊಡೆ ಒಳಕ್ಕೆ ವಾಲುತ್ತದೆ. ತೊಡೆ ಒಳಕ್ಕೆ ಹೋದಂತೆ ಹೊರಬದಿಯ ಪಟ್ಟಿ ಬಿಗಿಯುತ್ತದೆ, ಉಬ್ಬಿನ ಮೇಲೆ ಒತ್ತಡ ಏರುತ್ತದೆ. ಕಮಾನಿನ ಉಬ್ಬಿದ ಬದಿಯ ಮೇಲೆ ಹಗ್ಗ ಎಳೆದು ಕಟ್ಟಿದರೆ ಮಧ್ಯದ ಉಬ್ಬು ಹಗ್ಗಕ್ಕೆ ಒತ್ತಿಕೊಳ್ಳುವುದಿಲ್ಲವೇ, ಹಾಗೆ.

2000ನೇ ಇಸವಿಯ ಅಧ್ಯಯನವೊಂದರಲ್ಲಿ ಈ ನೋವಿದ್ದ 24 ದೂರದ ಓಟಗಾರರ ನೋಯುವ ಬದಿಯ ಸೊಂಟ ದುರ್ಬಲವಾಗಿರುವುದು ಕಂಡುಬಂತು. ಆರು ವಾರ ಸೊಂಟದ ಪಕ್ಕದ ಸ್ನಾಯುಗಳಿಗೆ ವ್ಯಾಯಾಮ ಮಾಡಿಸಿದ ಮೇಲೆ 22 ಜನ ನೋವಿಲ್ಲದೆ ಓಟಕ್ಕೆ ಮರಳಿದರು. ಆದರೆ ಹೋಲಿಸಿ ನೋಡಲು ವ್ಯಾಯಾಮ ಮಾಡದ ಇನ್ನೊಂದು ಗುಂಪು ಅಲ್ಲಿರಲಿಲ್ಲ. ಆರು ವಾರದ ವಿಶ್ರಾಂತಿಯೇ ಎಷ್ಟು ಕೆಲಸ ಮಾಡಿತು ಎಂದು ಅದರಿಂದ ಬಿಡಿಸಿ ಹೇಳಲಾಗದು. ದುರ್ಬಲತೆ ನೋವಿಗೆ ಕಾರಣವೋ, ನೋವಿನಿಂದ ಬಂದದ್ದೋ ಎಂಬ ಪ್ರಶ್ನೆಯೂ ಉಳಿಯುತ್ತದೆ. ಸೊಂಟದ ಬಲ ಉಪಯೋಗಕ್ಕೆ ಬರುತ್ತದೆ, ನಿಜ. ಅದೊಂದೇ ಮದ್ದು ಅಂದುಕೊಳ್ಳಬೇಡಿ.

ಯಾವ ವ್ಯಾಯಾಮ, ಎಷ್ಟು?

ನಾಲ್ಕು ಸಾಕು. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಟ್ಟು, ಎರಡೂ ಕಾಲಿಗೆ. ಇಪ್ಪತ್ತೈದು ನಿಮಿಷ ಹಿಡಿಯುತ್ತದೆ.

ಮೊದಲನೆಯದು ಪಕ್ಕಕ್ಕೆ ಮಲಗಿ ಕಾಲೆತ್ತುವುದು. ಗೋಡೆಗೆ ಬೆನ್ನು, ಕುಂಡಿ, ಹಿಮ್ಮಡಿ ತಾಗಿಸಿ ಮಲಗಿ. ಕೆಳಗಿನ ಕಾಲು ಮಡಚಿರಲಿ. ಮೇಲಿನ ಕಾಲಿನ ಹಿಮ್ಮಡಿಯನ್ನು ಗೋಡೆಗೆ ಒತ್ತಿಕೊಂಡೇ ಮೇಲಕ್ಕೆ ಜಾರಿಸಿ. ಬೆರಳುಗಳು ಮುಂದಕ್ಕೆ ಅಥವಾ ತುಸು ನೆಲದ ಕಡೆಗೆ ನೋಡುತ್ತಿರಲಿ. ಎರಡು ಎಣಿಕೆಯಲ್ಲಿ ಮೇಲೆ, ಎರಡು ಎಣಿಕೆ ಅಲ್ಲೇ, ಮೂರು ಎಣಿಕೆಯಲ್ಲಿ ಕೆಳಗೆ. 30 ಡಿಗ್ರಿ ಎತ್ತಿದರೆ ಸಾಕು. ಅದಕ್ಕಿಂತ ಮೇಲೆ ಎತ್ತಿದರೆ ಸೊಂಟವೇ ಹೊರಳುತ್ತದೆ. 12ರಿಂದ 15 ಸಲ, ಮೂರು ಸುತ್ತು. ಮೂರು ಸುತ್ತೂ 15 ಸಲ ಸಲೀಸಾದ ಮೇಲೆ ಕಣಕಾಲಿಗೆ ಒಂದು ಕಿಲೋ ತೂಕ ಕಟ್ಟಿ.

ಎರಡನೆಯದು ಸೊಂಟ ಇಳಿಸಿ ಏರಿಸುವುದು. 15ರಿಂದ 20 ಸೆಂಟಿಮೀಟರ್ ಎತ್ತರದ ಮೆಟ್ಟಿಲಿನ ಅಂಚಿನಲ್ಲಿ ಒಂದು ಕಾಲಲ್ಲಿ ನಿಂತು ಇನ್ನೊಂದನ್ನು ಗಾಳಿಯಲ್ಲಿ ಬಿಡಿ. ನಿಂತ ಕಾಲಿನ ಮಂಡಿ ನೆಟ್ಟಗಿರಲಿ. ತೂಗುವ ಕಡೆಯ ಸೊಂಟವನ್ನು ಮೂರು ಎಣಿಕೆಯಲ್ಲಿ ನಾಲ್ಕೈದು ಸೆಂಟಿಮೀಟರ್ ಇಳಿಸಿ, ನಿಂತ ಕಡೆಯ ಸೊಂಟದ ಪಕ್ಕವನ್ನು ಬಿಗಿದು ಮತ್ತೆ ಮೇಲೆ ತನ್ನಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ನಿಂತ ಕಾಲಿನ ಮಂಡಿ ಮಡಚುವುದು. ಆಗ ಸೊಂಟ ಕೆಲಸ ಮಾಡಿದಂತೆ ಕಾಣುತ್ತದೆ, ಮಾಡುವುದಿಲ್ಲ. 12 ಸಲ, ಮೂರು ಸುತ್ತು.

ಮೂರನೆಯದು ಒಂಟಿಕಾಲಿನ ಸೇತುವೆ. ಅಂಗಾತ ಮಲಗಿ, ಒಂದು ಪಾದ ನೆಲಕ್ಕೂರಿ, ಇನ್ನೊಂದು ಕಾಲು ಚಾಚಿ, ಕುಂಡಿ ಎತ್ತುವುದು. ಎರಡೂ ಬದಿಯ ಸೊಂಟ ಒಂದೇ ಮಟ್ಟದಲ್ಲಿರಬೇಕು. ಅನುಮಾನವಿದ್ದರೆ ಹೊಟ್ಟೆಯ ಮೇಲೆ ಅಡ್ಡಲಾಗಿ ಒಂದು ಕೋಲಿಟ್ಟು ನೋಡಿ. ತೊಡೆಯ ಹಿಂಭಾಗ ಹಿಡಿದುಕೊಂಡರೆ ಪಾದವನ್ನು ಕುಂಡಿಯ ಹತ್ತಿರ ತನ್ನಿ. 10 ಸಲ, ಮೂರು ಸುತ್ತು.

ನಾಲ್ಕನೆಯದು ಮೆಟ್ಟಿಲಿನಿಂದ ನಿಧಾನ ಇಳಿಯುವುದು. ಇಳಿಜಾರಿನ ಓಟಕ್ಕೆ ಅತಿ ಹತ್ತಿರದ ವ್ಯಾಯಾಮ ಇದೇ. ಕನ್ನಡಿಯ ಮುಂದೆ 15 ಸೆಂಟಿಮೀಟರ್ ಮೆಟ್ಟಿಲ ಮೇಲೆ ಒಂಟಿಕಾಲಲ್ಲಿ ನಿಂತು, ನಾಲ್ಕು ಎಣಿಕೆಯಲ್ಲಿ ಮಂಡಿ ಮಡಚುತ್ತಾ ಇನ್ನೊಂದು ಹಿಮ್ಮಡಿಯನ್ನು ನೆಲಕ್ಕೆ ಮೃದುವಾಗಿ ಮುಟ್ಟಿಸಿ, ಮೇಲೆ ಬನ್ನಿ. ಮಂಡಿ ಪಾದದ ಎರಡನೇ ಬೆರಳಿನ ನೇರಕ್ಕಿರಲಿ, ಸೊಂಟದ ಎರಡೂ ತುದಿ ಸಮನಾಗಿರಲಿ. ಇಲ್ಲಿ ಮಂಡಿ ಆ 30 ಡಿಗ್ರಿಯ ಜಾಗವನ್ನೇ ನಿಧಾನವಾಗಿ ಹಾಯುತ್ತದೆ. ಹಾಗಾಗಿ ನೋವು ಹೊಸದಾಗಿರುವಾಗ ಇದನ್ನು ಮಾಡಬೇಡಿ. ದಿನದ ಮೆಟ್ಟಿಲು ಇಳಿಯುವಾಗ ನೋವಿಲ್ಲ ಎಂದಾದ ಮೇಲೆ, ಸಾಮಾನ್ಯವಾಗಿ ಮೂರನೇ ವಾರ, 8 ಸಲದ ಎರಡು ಸುತ್ತಿನಿಂದ ಆರಂಭಿಸಿ. ಆಮೇಲೆ ಕೈಯಲ್ಲಿ ತೂಕ ಹಿಡಿದು ಮುಂದುವರಿಸಿ, ಏಕೆಂದರೆ ಇಳಿಜಾರಿನಲ್ಲಿ ತೊಡೆಯ ಮುಂಭಾಗಕ್ಕೆ ಬೀಳುವ ಬ್ರೇಕಿನ ಕೆಲಸ ಬರೀ ಮೈಭಾರಕ್ಕಿಂತ ಬಹಳ ಹೆಚ್ಚು.

ಪಕ್ಕಕ್ಕೆ ಮಲಗಿ ಕಾಲೆತ್ತುವಾಗ ಸೊಂಟದ ಮುಂಭಾಗ ಉರಿಯುತ್ತದೆ. ಸರಿಯೇ?

ಸರಿಯಲ್ಲ. ಜೇಬಿನ ಜಾಗದಲ್ಲಿ ಉರಿದರೆ ಕೆಲಸ ಮಾಡುತ್ತಿರುವುದು ಟೆನ್ಸರ್ ಫ್ಯಾಸಿಯಾ ಲಾಟಾ, ಅಂದರೆ ಪಟ್ಟಿಯನ್ನು ಎಳೆಯುವ ಸ್ನಾಯುವೇ. ಕಾಲು ಮುಂದಕ್ಕೆ ಜಾರಿದೆ ಅಥವಾ ಬೆರಳುಗಳು ಮೇಲಕ್ಕೆ ತಿರುಗಿವೆ ಎಂದರ್ಥ. ಹಿಮ್ಮಡಿಯನ್ನು ಗೋಡೆಗೆ ಒತ್ತಿ. ಉರಿ ಪ್ಯಾಂಟಿನ ಹಿಂದಿನ ಜೇಬಿನ ಮೇಲಂಚಿಗೆ ಬರಬೇಕು. ಬರದಿದ್ದರೆ ಎತ್ತುವ ಎತ್ತರ ಅರ್ಧ ಮಾಡಿ.

ಸೊಂಟ ಗಟ್ಟಿಯಾದರೆ ಓಟದ ಶೈಲಿ ತಾನಾಗಿಯೇ ಸರಿಹೋಗುತ್ತದಲ್ಲ?

ಇಲ್ಲ. ಸೊಂಟಕ್ಕೆ ವಾರಗಟ್ಟಲೆ ವ್ಯಾಯಾಮ ಮಾಡಿಸಿ ಮತ್ತೆ ಓಡಿಸಿ ನೋಡಿದಾಗ, ಬಲ ಹೆಚ್ಚಿದ್ದರೂ ತೊಡೆ ಒಳಕ್ಕೆ ವಾಲುವುದು ಹಾಗೇ ಉಳಿದದ್ದನ್ನು ಅಧ್ಯಯನಗಳು ತೋರಿಸಿವೆ. ಬಲ ಬಂದರೆ ದೇಹಕ್ಕೆ ಹೊಸ ರೀತಿ ಓಡಲು ಸಾಧ್ಯವಾಗುತ್ತದೆ, ಆದರೆ ಹಳೆಯ ರೂಢಿ ತಾನಾಗಿ ಬಿಡುವುದಿಲ್ಲ. ಓಟವನ್ನು ಓಡುತ್ತಲೇ ತಿದ್ದಬೇಕು. ಆರು ವಾರ ವ್ಯಾಯಾಮ ಮಾಡಿ, ಹಳೆಯ ಹೆಜ್ಜೆಯಲ್ಲೇ ಇಳಿಜಾರಿಗೆ ಹೋಗಿ, ಅದೇ ಕಿಲೋಮೀಟರಿನಲ್ಲಿ ನಿಂತವರು ಸಾಕಷ್ಟು ಜನ.

ಹೆಜ್ಜೆಯಲ್ಲಿ ಏನು ಬದಲಿಸಬೇಕು?

ಮೊದಲಿಗೆ ಒಂದೇ ಒಂದು: ಅದೇ ವೇಗದಲ್ಲಿ ನಿಮಿಷಕ್ಕೆ ಹೆಚ್ಚು ಹೆಜ್ಜೆ. ಓಟಗಾರರ ಮಾತಲ್ಲಿ ಕೇಡೆನ್ಸ್. ಹೆಜ್ಜೆಗಳ ಸಂಖ್ಯೆ ಶೇಕಡ 5ರಿಂದ 10 ಏರಿಸಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿ ಹೀರಿಕೊಳ್ಳಬೇಕಾದ ಹೊಡೆತ ಗಣನೀಯವಾಗಿ ತಗ್ಗುತ್ತದೆ, ಸೊಂಟದ ವಾಲುವಿಕೆಯೂ ಸ್ವಲ್ಪ ಕಡಿಮೆಯಾಗುತ್ತದೆ. ಕಾರಣ ಸರಳ. ಹೆಜ್ಜೆ ಚಿಕ್ಕದಾದಾಗ ಪಾದ ಮೈಯಿಂದ ದೂರ ಮುಂದೆ ಬೀಳುವುದಿಲ್ಲ, ಬ್ರೇಕು ಕಡಿಮೆ.

ಅಳೆಯುವುದು ಹೀಗೆ. ಇಳಿಜಾರಿನಲ್ಲೇ, ನಿಮ್ಮ ಮಾಮೂಲಿ ವೇಗದಲ್ಲಿ, ಬಲಗಾಲು ನೆಲ ಮುಟ್ಟುವುದನ್ನು 30 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಸಮತಟ್ಟಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಇಳಿಯುವಾಗ ಹೆಜ್ಜೆ ಉದ್ದವಾಗುವುದು ಬಹಳ ಜನರ ರೂಢಿ. 39 ಬಂತು ಎಂದುಕೊಳ್ಳಿ. 39 ಗುಣಿಸು 4, ಅಂದರೆ 156. ಇದಕ್ಕೆ ಶೇಕಡ 5 ಸೇರಿಸಿದರೆ 164. ಕಿಲೋಮೀಟರಿಗೆ ಆರೂವರೆ ನಿಮಿಷದ ವೇಗದಲ್ಲಿ 156 ಹೆಜ್ಜೆ ಹಾಕುವವರ ಒಂದು ಹೆಜ್ಜೆ ಸುಮಾರು 99 ಸೆಂಟಿಮೀಟರ್. 164 ಹಾಕಿದರೆ 94. ವ್ಯತ್ಯಾಸ ಐದೇ ಸೆಂಟಿಮೀಟರ್, ನೋಡುವವರ ಕಣ್ಣಿಗೂ ಬೀಳದು.

ಫೋನಿನ ಮೆಟ್ರೊನೋಮ್ ಅನ್ನು 164ಕ್ಕೆ ಇಟ್ಟು, ಮೊದಲ ವಾರ ಸಮತಟ್ಟಿನಲ್ಲಿ ಒಂದು ನಿಮಿಷ ಟಕ್‌ಟಕ್ ಸದ್ದಿಗೆ ಹೆಜ್ಜೆ ಹೊಂದಿಸಿ, ಎರಡು ನಿಮಿಷ ಸದ್ದು ನಿಲ್ಲಿಸಿ ಅದೇ ಲಯದಲ್ಲಿ ಓಡಿ. ಇಡೀ ಓಟ ಸದ್ದು ಹಾಕಿಕೊಂಡರೆ ಕಿವಿ ಕಲಿಯುತ್ತದೆ, ಕಾಲು ಕಲಿಯುವುದಿಲ್ಲ. ಇಲ್ಲಿ ಎಡವುವ ಜಾಗ ಒಂದೇ: ಹೆಜ್ಜೆ ಚುರುಕಾದ ಕೂಡಲೇ ವೇಗವೂ ಏರಿಬಿಡುತ್ತದೆ. ಗಡಿಯಾರ ನೋಡಿ. ವೇಗ ಏರಿದ್ದರೆ ಹೆಜ್ಜೆ ಚಿಕ್ಕದಾಗಿಲ್ಲ, ನೀವು ಸುಮ್ಮನೆ ಜೋರಾಗಿ ಓಡುತ್ತಿದ್ದೀರಿ. ಮೀನಖಂಡ ಹಿಡಿದುಕೊಂಡರೆ ತುದಿಗಾಲಲ್ಲಿ ಓಡಲು ಶುರುಮಾಡಿದ್ದೀರಿ ಎಂದು ತಿಳಿಯಿರಿ. ಪಾದ ಎಲ್ಲಿ ಊರುತ್ತದೆ ಎಂಬುದು ಮುಖ್ಯ, ಪಾದದ ಯಾವ ಭಾಗ ಮೊದಲು ಊರುತ್ತದೆ ಎಂಬುದಲ್ಲ.

ಎಲ್ಲರಿಗೂ ನಿಮಿಷಕ್ಕೆ 180 ಹೆಜ್ಜೆ ಎಂಬ ಮಾತನ್ನು ಬಿಟ್ಟುಬಿಡಿ. ನಿಮ್ಮ ಲೆಕ್ಕ ನಿಮ್ಮ ಈಗಿನ ಸಂಖ್ಯೆಯಿಂದಲೇ ಶುರು.

ಪಾದಗಳ ನಡುವಿನ ಅಗಲವೂ ಲೆಕ್ಕಕ್ಕೆ ಬರುತ್ತದೆಯೇ?

ಬರುತ್ತದೆ. ಹಗ್ಗದ ಮೇಲೆ ನಡೆದಂತೆ ಎರಡೂ ಪಾದ ಒಂದೇ ಗೆರೆಯಲ್ಲಿ ಬಿದ್ದರೆ ಪಟ್ಟಿಯ ಎಳೆತ ಹೆಚ್ಚು, ತುಸು ಅಗಲಿಸಿದರೆ ಕಡಿಮೆ. ಇದು ಲೆಕ್ಕ ಹಾಕಿ ನೋಡಿದ ಮಾತು. ಕಿರಿದಾದ ಕಾಲುದಾರಿಯಲ್ಲಿ ಇಳಿಯುವವರಿಗೆ ಇದು ಹೆಚ್ಚು ಕಾಡುತ್ತದೆ, ಏಕೆಂದರೆ ದಾರಿಯೇ ಪಾದಗಳನ್ನು ಒಂದು ಗೆರೆಗೆ ತರುತ್ತದೆ. ರಸ್ತೆಯ ಬಿಳಿ ಗೆರೆಯ ಮೇಲೆ ಓಡಿ ಪರೀಕ್ಷಿಸಿ: ಎಡ ಪಾದ ಗೆರೆಯ ಎಡಕ್ಕೆ, ಬಲ ಪಾದ ಬಲಕ್ಕೆ ಬೀಳಬೇಕು, ಗೆರೆಯನ್ನು ದಾಟಬಾರದು. ಎರಡು ಮೂರು ಸೆಂಟಿಮೀಟರ್ ಅಗಲಿಸಿದರೆ ಸಾಕು. ಅದಕ್ಕಿಂತ ಹೆಚ್ಚು ಮಾಡಿದರೆ ಬಾತುಕೋಳಿ ನಡಿಗೆಯಾಗಿ ಸೊಂಟ ಅತ್ತಿತ್ತ ತೂಗುತ್ತದೆ.

ಕೇಡೆನ್ಸ್ ರೂಢಿಯಾಗಲು ಎರಡು ಮೂರು ವಾರ ಕೊಟ್ಟು ಆಮೇಲೆ ಇದಕ್ಕೆ ಕೈ ಹಾಕಿ. ಎರಡನ್ನೂ ಒಟ್ಟಿಗೆ ಯೋಚಿಸುತ್ತಾ ಓಡುವವರು ಎರಡನ್ನೂ ಕೆಡಿಸಿಕೊಳ್ಳುತ್ತಾರೆ.

ಇಳಿಜಾರಿನಲ್ಲಿ ತಡೆದು ತಡೆದು ನಿಧಾನ ಇಳಿದರೆ ಸುರಕ್ಷಿತವಲ್ಲವೇ?

ಈ ನೋವಿನ ಮಟ್ಟಿಗೆ ಅಲ್ಲ. ಬೆನ್ನು ಹಿಂದಕ್ಕೆ ವಾಲಿಸಿ, ಕಾಲು ಮುಂದೆ ಚಾಚಿ, ಪ್ರತಿ ಹೆಜ್ಜೆಗೂ ಬ್ರೇಕು ಹಾಕುತ್ತಾ ಜಾಗ್ ಮಾಡಿದರೆ ಮಂಡಿ ಆ ನೋಯುವ ಕೋನದಲ್ಲಿ ಹೆಚ್ಚು ಹೊತ್ತು ಕಳೆಯುತ್ತದೆ. ಸ್ವಲ್ಪ ವೇಗವಾಗಿ ಓಡಿದಾಗ ಕಾಲು ನೆಲ ಮುಟ್ಟುವಾಗಲೇ ಮಂಡಿ ಹೆಚ್ಚು ಮಡಚಿರುತ್ತದೆ. ಅತಿ ನಿಧಾನ ಓಟದಲ್ಲಿ ಬರುವ ನೋವು ತುಸು ವೇಗದಲ್ಲಿ ಬಾರದಿರುವುದಕ್ಕೆ ಇದೇ ಕಾರಣ.

ಹಾಗೆಂದು ಕಡಿದಾದ ಕಡೆ ಕಣ್ಣು ಮುಚ್ಚಿ ಹಾರಬೇಕಿಲ್ಲ. ಕಣಕಾಲಿನಿಂದ ಮೈಯನ್ನು ತುಸು ಮುಂದಕ್ಕೆ ಬಿಡಿ, ನೋಟ ಹತ್ತು ಹೆಜ್ಜೆ ಮುಂದಿರಲಿ, ಹೆಜ್ಜೆ ಚಿಕ್ಕದು, ಚುರುಕು, ಸದ್ದಿಲ್ಲದ್ದು. ಚಪ್‌ಚಪ್ ಎಂದು ಪಾದ ಬಡಿಯುತ್ತಿದ್ದರೆ ಬ್ರೇಕು ಹಾಕುತ್ತಿದ್ದೀರಿ. ಈ ರೀತಿ ಓಡಲಾಗದಷ್ಟು ಇಳಿಜಾರು ಕಡಿದಾಗಿದ್ದರೆ ನಡೆಯಿರಿ. ಅರ್ಧಂಬರ್ಧ ಜಾಗ್ ಮಾತ್ರ ಬೇಡ.

ಓಟದ ಮಧ್ಯೆ ನೋವು ಶುರುವಾದರೆ ಸಹಿಸಿಕೊಂಡು ಮುಗಿಸಬಹುದೇ?

ಬೇರೆ ಕೆಲವು ನೋವುಗಳು ಮೈ ಬಿಸಿಯಾದ ಮೇಲೆ ಇಳಿಯುತ್ತವೆ, ಇದು ಏರುತ್ತದೆ. ಹಾಗಾಗಿ ಹತ್ತರಲ್ಲಿ ಎರಡರಷ್ಟು ನೋವು ಬಂದ ಕೂಡಲೇ ಅಭ್ಯಾಸದ ಓಟ ನಿಲ್ಲಿಸಿ ನಡೆಯಿರಿ. ಆ ಹಂತದಲ್ಲಿ ನಿಂತರೆ ಒಂದೆರಡು ದಿನದಲ್ಲಿ ಮತ್ತೆ ಓಡಬಹುದು. ಆರಕ್ಕೆ ಏರುವವರೆಗೆ ಎಳೆದರೆ ವಾರಗಳು ಹೋಗುತ್ತವೆ. ಸ್ಪರ್ಧೆಯಲ್ಲಿ ಬಿಡಲಾಗದಿದ್ದರೆ ಒಂದು ನಿಮಿಷ ನಡೆದು ಮತ್ತೆ ಓಡುವುದು, ಇಳಿಜಾರನ್ನು ನಡೆದು ಸಮತಟ್ಟನ್ನು ಓಡುವುದು, ಇಷ್ಟೇ ದಾರಿ. ನೋವಿನ ಮಾತ್ರೆ ನುಂಗಿ ಇಳಿಯಬೇಡಿ. ಎಚ್ಚರಿಕೆಯ ಗಂಟೆ ಕೇಳಿಸುವುದಿಲ್ಲ, ಅದರ ಜೊತೆಗೆ ಬೆವರಿ ನೀರು ಕಳೆದುಕೊಂಡ ಮೈಯಲ್ಲಿ ಐಬುಪ್ರೊಫೆನ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೂ ತೊಂದರೆ.

ಇಳಿಜಾರಿಗೆ ಮರಳುವುದು ಹೇಗೆ? ವಾರವಾರದ ಲೆಕ್ಕ ಸಿಗಬಹುದೇ?

ಒಂದು ಮಾದರಿಯನ್ನು ಬಿಡಿಸಿ ನೋಡೋಣ. ಓಟಗಾರ್ತಿಯೊಬ್ಬರು 21 ಕಿಲೋಮೀಟರ್ ಸ್ಪರ್ಧೆಗೆ ತಯಾರಾಗುತ್ತಿದ್ದಾರೆ ಎಂದುಕೊಳ್ಳಿ. ಅದರಲ್ಲಿ 12 ಕಿಲೋಮೀಟರ್ ಸತತ ಇಳಿಜಾರು, ಒಟ್ಟು ಇಳಿತ 600 ಮೀಟರ್, ಅಂದರೆ ಶೇಕಡ 5. ಇಳಿಜಾರಿನ 5ನೇ ಕಿಲೋಮೀಟರಿನಲ್ಲಿ ಬಲ ಮಂಡಿ ನೋಯುತ್ತದೆ. ಸಮತಟ್ಟಿನಲ್ಲಿ 7ರವರೆಗೆ ಆರಾಮ. ಕೇಡೆನ್ಸ್ 156. ಸ್ಪರ್ಧೆಗೆ 12 ವಾರವಿದೆ.

ಮೊದಲ ಎರಡು ವಾರ ಇಳಿಜಾರು ಪೂರ್ತಿ ಬಂದ್. ದಿನ ಬಿಟ್ಟು ದಿನ ಸಮತಟ್ಟಿನಲ್ಲಿ 4ರಿಂದ 5 ಕಿಲೋಮೀಟರ್, ನೋವು ಬರುವ ದೂರಕ್ಕಿಂತ ಸಾಕಷ್ಟು ಮೊದಲೇ ನಿಲ್ಲುವಂತೆ. ಮೆಟ್ರೊನೋಮ್ 164. ವ್ಯಾಯಾಮ ಮೊದಲ ಮೂರು ಮಾತ್ರ. ಏರುದಾರಿಯ ಓಟ ನೋವು ಕೊಡುವುದಿಲ್ಲವಾದರೆ ಮಾಡಬಹುದು, ಆದರೆ ಇಳಿಯುವುದು ವಾಹನದಲ್ಲಾಗಲಿ. ಮೂರನೇ ವಾರ ಮೆಟ್ಟಿಲು ನೋವಿಲ್ಲದೆ ಇಳಿಯಲಾಯಿತು, ಮೆಟ್ಟಿಲ ವ್ಯಾಯಾಮ ಸೇರಿತು, ಸಮತಟ್ಟಿನ ಓಟ 8 ಕಿಲೋಮೀಟರಿಗೆ ಏರಿತು.

ಇಳಿಜಾರಿಗೆ ಹೋಗುವ ಮುನ್ನ ಒಂದು ಬಾಗಿಲು ದಾಟಬೇಕು: ನೋವಿನ ಕಾಲಲ್ಲಿ 20 ಸಲ ನಿಧಾನ ಮೆಟ್ಟಿಲಿಳಿತ, ನೋವಿಲ್ಲದೆ, ಸೊಂಟ ಕುಸಿಯದೆ. ಇದು ಪ್ರಯೋಗಾಲಯದ ಅಳತೆಯಲ್ಲ, ಕೆಲಸಕ್ಕೆ ಬರುವ ಅಳತೆ.

ಇಲ್ಲಿಂದ ಮುಂದೆ ಎಣಿಸಬೇಕಾದ್ದು ಇಳಿದ ಮೀಟರುಗಳನ್ನು. ಹತ್ತು ಕಿಲೋಮೀಟರ್ ಸಮತಟ್ಟು ಮತ್ತು ಹತ್ತು ಕಿಲೋಮೀಟರ್ ಇಳಿಜಾರು ಈ ಮಂಡಿಗೆ ಒಂದೇ ಅಲ್ಲ. ನಾಲ್ಕನೇ ವಾರ ಶೇಕಡ 3ರ ಇಳಿಜಾರಿನಲ್ಲಿ 300 ಮೀಟರಿನ ನಾಲ್ಕು ಇಳಿತ, ಪ್ರತಿ ಸಲ ನಡೆದು ಮೇಲೆ ಬರುವುದು. ಒಟ್ಟು ಇಳಿದದ್ದು 36 ಮೀಟರ್. ಕಡಿಮೆಯೆನಿಸುತ್ತದೆ, ಇರಲಿ. ಐದನೇ ವಾರ ಶೇಕಡ 5ರಲ್ಲಿ 400 ಮೀಟರಿನ ಐದು, ಒಟ್ಟು 100 ಮೀಟರ್. ಆರನೇ ವಾರ ನಿಲ್ಲದೆ 3 ಕಿಲೋಮೀಟರ್, 150 ಮೀಟರ್. ಏಳನೇ ವಾರ 200. ವಾರಕ್ಕೆ ಒಂದೇ ಇಳಿಜಾರಿನ ಓಟ, ಅದರ ಹಿಂದಿನ ದಿನ ಕಾಲಿನ ವ್ಯಾಯಾಮ ಇಲ್ಲ.

ಎಂಟನೇ ವಾರ 6 ಕಿಲೋಮೀಟರಿಗೆ, ಅಂದರೆ 300 ಮೀಟರಿಗೆ ಹೋದಾಗ 5ನೇ ಕಿಲೋಮೀಟರಿನಲ್ಲಿ ನೋವು ಮತ್ತೆ ಇಣುಕಿತು. ಇಲ್ಲೇ ಬಹಳ ಜನ ವ್ಯಾಯಾಮ ಫಲಿಸಲಿಲ್ಲ ಎಂದು ಕೈಬಿಡುವುದು. ಆದರೆ ಕೈಗಡಿಯಾರದ ದಾಖಲೆ ಬೇರೆ ಕಥೆ ಹೇಳುತ್ತದೆ: ಮೊದಲ ಮೂರು ಕಿಲೋಮೀಟರ್ ಕೇಡೆನ್ಸ್ 164, ಐದನೆಯದರಲ್ಲಿ 157. ತೊಡೆ ದಣಿದಿದೆ, ಹೆಜ್ಜೆ ಮತ್ತೆ ಉದ್ದವಾಗಿದೆ. ಪರಿಹಾರ ಎರಡು. ಮುಂದಿನ ವಾರ 150ಕ್ಕೆ ಇಳಿದು, ಮತ್ತೆ 250ಕ್ಕೆ ಏರುವುದು. ಜೊತೆಗೆ ಇಳಿಜಾರಿನಲ್ಲಿ ಪ್ರತಿ ಕಿಲೋಮೀಟರಿಗೆ 30 ಸೆಕೆಂಡ್ ನಡೆದು, ಓಟ ಮತ್ತೆ ಆರಂಭಿಸುವಾಗ ಹೆಜ್ಜೆ ಎಣಿಸುವುದು. 11ನೇ ವಾರಕ್ಕೆ 400 ಮೀಟರ್ ಇಳಿತ ನೋವಿಲ್ಲದೆ ಆಯಿತು. ಸ್ಪರ್ಧೆಯ 600 ಮೀಟರ್ ಆಗಲೂ ಅವರ ಅಭ್ಯಾಸಕ್ಕಿಂತ ಹೆಚ್ಚೇ. ಆದ್ದರಿಂದ ಆ ದಿನವೂ ಪ್ರತಿ ಕಿಲೋಮೀಟರಿನ 30 ಸೆಕೆಂಡ್ ನಡಿಗೆ ಬಿಡಬಾರದು. ಒಟ್ಟು ಕಳೆಯುವುದು ನಾಲ್ಕೈದು ನಿಮಿಷವೂ ಅಲ್ಲ.

ರಸ್ತೆಯ ವಾಲು, ಶೂಗಳಿಂದಲೂ ಬರುತ್ತದೆಯೇ?

ರಸ್ತೆ ಮಧ್ಯದಲ್ಲಿ ಉಬ್ಬಿ ಅಂಚಿಗೆ ವಾಲಿರುತ್ತದೆ. ಯಾವಾಗಲೂ ಒಂದೇ ಅಂಚಿನಲ್ಲಿ ಓಡಿದರೆ ಒಂದೇ ಕಾಲು ಕೆಳಮಟ್ಟದಲ್ಲಿ ಬೀಳುತ್ತದೆ. ಸುರಕ್ಷಿತವಾಗಿರುವಲ್ಲಿ ಬದಿ ಬದಲಿಸಿ. ಶೂ ಒಂದು ಬದಿಗೆ ಸವೆದಿದ್ದರೆ ಬದಲಿಸಿ, ಆದರೆ ಹೊಸ ಶೂ ಈ ನೋವನ್ನು ಓಡಿಸುತ್ತದೆ ಎಂದು ಕಾಯಬೇಡಿ.

ಎಷ್ಟು ದಿನ ಕಾದು ವೈದ್ಯರ ಬಳಿ ಹೋಗಬೇಕು? ಇಂಜೆಕ್ಷನ್ ಬೇಕಾಗುತ್ತದೆಯೇ?

ಹೆಚ್ಚಿನವರಿಗೆ ಆರರಿಂದ ಎಂಟು ವಾರದಲ್ಲಿ ಸ್ಪಷ್ಟ ಸುಧಾರಣೆ ಕಾಣುತ್ತದೆ. ತಿಂಗಳುಗಟ್ಟಲೆ ಎಳೆದುಕೊಂಡು ಓಡಿದವರಿಗೆ ಇನ್ನೂ ಹೆಚ್ಚು ಬೇಕು. ಇಳಿಜಾರು ಬಿಟ್ಟು, ವ್ಯಾಯಾಮ ತಪ್ಪದೆ ಮಾಡಿ, ಆರು ವಾರ ಕಳೆದರೂ ನೋವಿಲ್ಲದೆ ಓಡಬಹುದಾದ ದೂರ ಒಂದು ಕಿಲೋಮೀಟರೂ ಹೆಚ್ಚದಿದ್ದರೆ ಕ್ರೀಡಾ ವೈದ್ಯರಿಗೋ ಫಿಸಿಯೋಗೋ ತೋರಿಸಿ. ಆಗ ಮೊದಲು ಕೇಳಬೇಕಾದ್ದು ಇದು ನಿಜವಾಗಿ ಐಟಿ ಬ್ಯಾಂಡೇ ಎಂದು. ಸ್ಟೀರಾಯ್ಡ್ ಇಂಜೆಕ್ಷನ್ ಹೊಸ ನೋವಿನಲ್ಲಿ ಮೊದಲ ಎರಡು ವಾರ ಹಾಯಿ ಕೊಡಬಲ್ಲದು. ಉರಿಯನ್ನು ತಗ್ಗಿಸಿ ವ್ಯಾಯಾಮ ಶುರುಮಾಡಲು ಅದು ನೆರವಾಗಬಹುದು. ಸ್ಪರ್ಧೆಯ ಹಿಂದಿನ ವಾರ ಚುಚ್ಚಿಸಿಕೊಂಡು 600 ಮೀಟರ್ ಇಳಿಯಲು ಹೊರಟರೆ, ನೋವಿನ ಮಾತ್ರೆಯ ಬಗ್ಗೆ ಹೇಳಿದ್ದೇ ಇಲ್ಲಿಗೂ ಅನ್ವಯ. ಶಸ್ತ್ರಚಿಕಿತ್ಸೆಯವರೆಗೆ ಹೋಗುವವರು ಬಹಳ ವಿರಳ.

ನೋವು ಹೋಯಿತು. ವ್ಯಾಯಾಮ ನಿಲ್ಲಿಸಬಹುದೇ?

ವಾರಕ್ಕೆ ಮೂರನ್ನು ಒಂದಕ್ಕೆ ಇಳಿಸಿ, ಆ ಒಂದರಲ್ಲಿ ತೂಕ ಹಿಡಿದ ಮೆಟ್ಟಿಲಿಳಿತ ಇರಲಿ. ಇಳಿಜಾರಿನ ಓಟವನ್ನು ಪೂರ್ತಿ ಬಿಟ್ಟುಬಿಡಬೇಡಿ. ಎರಡು ವಾರಕ್ಕೊಮ್ಮೆ 100 ಮೀಟರಾದರೂ ಇಳಿಯುತ್ತಿರಿ. ಆರು ತಿಂಗಳು ಸಮತಟ್ಟಿನಲ್ಲೇ ಓಡಿ, ಒಂದು ಭಾನುವಾರ ಏಕಾಏಕಿ ದೊಡ್ಡ ಬೆಟ್ಟ ಇಳಿದ ಮರುದಿನವೇ ಈ ಪುಟ ಹುಡುಕಿಕೊಂಡು ಬರುವವರು ಹೆಚ್ಚು.